ಕ್ಷಣಿಕ ಸದ್ದಿನ ಸ್ಪೆಕ್ಟ್ರಮ್ ಅಗಲವಾಗಿರುವುದು ಏಕೆ?

ಸದ್ದನ್ನು ಚಿತ್ರವಾಗಿ ತೋರಿಸುವ ಆ್ಯಪ್‌ಗಳು ಈಗ ಯಾವ ಮೊಬೈಲಿಗಾದರೂ ಸಿಗುತ್ತವೆ. ಹಕ್ಕಿಯ ದನಿ ಗುರುತಿಸುವವರು, ವಾದ್ಯದ ಶ್ರುತಿ ನೋಡುವವರು, ಯಂತ್ರದ ಗದ್ದಲದ ಮೂಲ ಹುಡುಕುವವರು ಅವನ್ನು ದಿನವೂ ಬಳಸುತ್ತಿದ್ದಾರೆ. ಈ ಚಿತ್ರಕ್ಕೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಎಡದಿಂದ ಬಲಕ್ಕೆ ಕಾಲ ಸಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಆವರ್ತನ ಏರುತ್ತದೆ, ಯಾವ ಹೊತ್ತಿನಲ್ಲಿ ಯಾವ ಆವರ್ತನದಲ್ಲಿ ಶಕ್ತಿ ಇದೆಯೋ ಅಲ್ಲಿ ಹೊಳಪು ಮೂಡುತ್ತದೆ.

ಅದರ ಮುಂದೆ ಒಂದೇ ಶ್ರುತಿಯಲ್ಲಿ ಉದ್ದವಾಗಿ ಶಿಳ್ಳೆ ಹಾಕಿದರೆ ತೆಳುವಾದ ಅಡ್ಡಗೆರೆಯೊಂದು ಬರುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಬರುವುದು ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ನಿಂತ ಗೋಡೆ. ನೂರಾರು ಹರ್ಟ್ಜ್‌ನಿಂದ ಹಲವು ಸಾವಿರ ಹರ್ಟ್ಜ್‌ವರೆಗೆ ಎಲ್ಲ ಆವರ್ತನಗಳೂ ಒಟ್ಟಿಗೆ ಬಂದು ಹೋದಂತೆ ಕಾಣುತ್ತದೆ. ಒಂದೇ ಒಂದು ಪೆಟ್ಟು ಬಡಿದ ಅಂಗೈಗಳಲ್ಲಿ ಅಷ್ಟೊಂದು ಆವರ್ತನಗಳು ಎಲ್ಲಿದ್ದವು?

ಈ ಗೋಡೆ ಮೈಕಿನ ದೋಷವಲ್ಲ, ಆ್ಯಪಿನ ದೋಷವೂ ಅಲ್ಲ. ಕಾಲದಲ್ಲಿ ಕಿರಿದಾದ ಯಾವ ಸಂಕೇತವಾದರೂ ಆವರ್ತನದಲ್ಲಿ ಅಗಲವಾಗಲೇಬೇಕು. ಸದ್ದು, ರೇಡಿಯೊ, ಬೆಳಕು, ಎಲ್ಲಕ್ಕೂ ಇದೇ ಕಟ್ಟಳೆ. ಕಷ್ಟದ ಗಣಿತವಿಲ್ಲದೆ ಇದನ್ನು ನಮ್ಮಷ್ಟಕ್ಕೆ ನಾವೇ ಕಂಡುಕೊಳ್ಳಬಹುದು.

## ಆವರ್ತನವನ್ನು ಎಣಿಸಲು ಕಾಲ ಬೇಕು

ಒಂದು ಅಲೆ ಸೆಕೆಂಡಿಗೆ ಎಷ್ಟು ಬಾರಿ ಏರಿ ಇಳಿದು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ ಎಂಬುದೇ ಅದರ ಆವರ್ತನ. ಹಾಗೆ ಒಮ್ಮೆ ಏರಿಳಿಯುವುದನ್ನು ಒಂದು ಸುತ್ತು ಎನ್ನೋಣ. ಸೆಕೆಂಡಿಗೆ ಒಂದು ಸುತ್ತಾದರೆ ಒಂದು ಹರ್ಟ್ಜ್. ಒಂದು ಸಂಕೇತದಲ್ಲಿ ಯಾವ ಯಾವ ಆವರ್ತನಗಳು ಎಷ್ಟೆಷ್ಟು ಪಾಲು ಬೆರೆತಿವೆ ಎಂಬ ಲೆಕ್ಕಪಟ್ಟಿಯೇ ಅದರ ಸ್ಪೆಕ್ಟ್ರಮ್. ಪಠ್ಯಪುಸ್ತಕಗಳು ಇದನ್ನು ರೋಹಿತ ಎಂದು ಕರೆಯುತ್ತವೆ.

ಈ ವ್ಯಾಖ್ಯೆಯಲ್ಲೇ ಒಂದು ಮುಖ್ಯ ಸಂಗತಿ ಅಡಗಿದೆ. ಆವರ್ತನ ಎನ್ನುವುದು ಎಣಿಕೆ, ಎಣಿಕೆಗೆ ಕಾಲ ಬೇಕು. ಎರಡು ಸದ್ದುಗಳಿವೆ ಎನ್ನೋಣ, ಒಂದು 1000 ಹರ್ಟ್ಜ್, ಇನ್ನೊಂದು 1001 ಹರ್ಟ್ಜ್. ಅವುಗಳನ್ನು ಕೇಳಲು ನಮಗೆ ಸಿಗುವುದು ಸೆಕೆಂಡಿನ ನೂರನೇ ಒಂದು ಭಾಗ, ಅಂದರೆ 10 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಮೊದಲನೆಯದು 10 ಸುತ್ತು ಮುಗಿಸುತ್ತದೆ, ಎರಡನೆಯದು 10.01 ಸುತ್ತು. ಎರಡರ ಚಿತ್ರವನ್ನು ಒಂದರ ಮೇಲೊಂದು ಇಟ್ಟರೆ ಬೇರೆ ಬೇರೆ ಎಂದು ಗೊತ್ತಾಗುವುದೇ ಕಷ್ಟ. ಪೂರ್ತಿ ಒಂದು ಸೆಕೆಂಡು ಕಾದರೆ ಮಾತ್ರ ಎರಡನೆಯದು ಸರಿಯಾಗಿ ಒಂದು ಸುತ್ತು ಮುಂದೆ ಹೋಗಿರುತ್ತದೆ. ಆಗ ಸಂಶಯಕ್ಕೆ ಎಡೆಯಿಲ್ಲ.

ಅಂತರ 1 ಹರ್ಟ್ಜ್ ಆದರೆ ಬೇಕಾದದ್ದು 1 ಸೆಕೆಂಡು. ಅಂತರ 100 ಹರ್ಟ್ಜ್ ಆದರೆ 10 ಮಿಲಿಸೆಕೆಂಡೇ ಸಾಕು, ಏಕೆಂದರೆ ಅಷ್ಟರಲ್ಲೇ ಒಂದು ಪೂರ್ತಿ ಸುತ್ತಿನ ವ್ಯತ್ಯಾಸ ಬಂದುಬಿಡುತ್ತದೆ. ಆವರ್ತನಗಳ ಅಂತರವನ್ನು ಅವಧಿಯಿಂದ ಗುಣಿಸಿದರೆ ಸುಮಾರು ಒಂದು ಬರಬೇಕು. ಆಗಷ್ಟೇ ಅವು ಬೇರೆಬೇರೆಯಾಗಿ ಕಾಣುತ್ತವೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ಇದು ನಮ್ಮ ಅಳತೆಯ ಮಿತಿ ತಾನೆ? ಸದ್ದಿಗೆ ತನ್ನದೇ ಆದ ನಿಜವಾದ ಆವರ್ತನ ಇದ್ದೇ ಇರುತ್ತದಲ್ಲ? ಇಲ್ಲ. ಶುದ್ಧವಾದ 1000 ಹರ್ಟ್ಜ್‌ನ ಅಲೆ ಎಂದರೆ ಗಣಿತದ ಪ್ರಕಾರ ಆದಿ ಅಂತ್ಯಗಳಿಲ್ಲದ ಅಲೆ. ನಾವು ಅದನ್ನು 10 ಮಿಲಿಸೆಕೆಂಡಿಗೆ ಕತ್ತರಿಸಿದ ಕೂಡಲೇ ಅದು ಆ ಅಲೆಯಾಗಿ ಉಳಿಯುವುದಿಲ್ಲ. ಮೌನ, ನಂತರ ಹತ್ತು ಸುತ್ತು, ನಂತರ ಮತ್ತೆ ಮೌನ, ಹೀಗಿರುವ ಬೇರೆಯೇ ಒಂದು ಸಂಕೇತ ಅದು. ಅದರ ಲೆಕ್ಕಪಟ್ಟಿ ಬೇರೆ ಇರಲೇಬೇಕು. ಎಷ್ಟು ಬೇರೆ ಎಂದು ಈಗ ಲೆಕ್ಕ ಹಾಕಿಯೇ ನೋಡೋಣ.

## ಹತ್ತು ಮಿಲಿಸೆಕೆಂಡಿನ ಸ್ವರವೊಂದರ ಪರೀಕ್ಷೆ

ಒಂದು ಸಂಕೇತದಲ್ಲಿ ಒಂದು ನಿರ್ದಿಷ್ಟ ಆವರ್ತನ ಎಷ್ಟಿದೆ ಎಂದು ತಿಳಿಯುವ ವಿಧಾನ ಸರಳವಾದದ್ದು. ಆ ಆವರ್ತನದ ಒಂದು ಶುದ್ಧ ಅಲೆಯನ್ನು ಪರೀಕ್ಷಕನಂತೆ ಸಂಕೇತದ ಪಕ್ಕ ಇಡಬೇಕು. ಪ್ರತಿ ಕ್ಷಣದಲ್ಲೂ ಎರಡರ ಬೆಲೆಗಳನ್ನು ಗುಣಿಸಬೇಕು. ಎರಡೂ ಒಟ್ಟಿಗೆ ಮೇಲಿದ್ದರೆ ಅಥವಾ ಒಟ್ಟಿಗೆ ಕೆಳಗಿದ್ದರೆ ಗುಣಲಬ್ಧ ಧನ, ಒಂದು ಮೇಲೆ ಒಂದು ಕೆಳಗೆ ಇದ್ದರೆ ಋಣ. ಕೊನೆಗೆ ಎಲ್ಲದರ ಸರಾಸರಿ ತೆಗೆಯಬೇಕು. ಉದ್ದಕ್ಕೂ ಹೆಜ್ಜೆ ಕೂಡಿದ್ದರೆ ಸರಾಸರಿ ದೊಡ್ಡದಾಗಿ ಬರುತ್ತದೆ. ಹೆಜ್ಜೆ ಕೆಲವೊಮ್ಮೆ ಕೂಡಿ ಕೆಲವೊಮ್ಮೆ ತಪ್ಪಿದರೆ ಧನ ಋಣಗಳು ಒಂದನ್ನೊಂದು ಅಳಿಸುತ್ತವೆ. ಫೂರಿಯರ್ ವಿಶ್ಲೇಷಣೆ ಎಂಬ ದೊಡ್ಡ ಹೆಸರಿನ ಹಿಂದೆ ನಡೆಯುವ ಕೆಲಸ ಇದೇ.

ನಮ್ಮ ಸಂಕೇತ 10 ಮಿಲಿಸೆಕೆಂಡು ಮಾತ್ರ ಇರುವ 1000 ಹರ್ಟ್ಜ್‌ನ ತುಣುಕು. ಪರೀಕ್ಷಕ ಅಲೆಯ ಹೆಜ್ಜೆಯನ್ನು ಈ ತುಣುಕಿನ ನಟ್ಟನಡುವೆ ಕೂಡಿಸಿ ಇಡೋಣ, ಏಕೆಂದರೆ ಹೊಂದಾಣಿಕೆ ಅತ್ಯಂತ ಚೆನ್ನಾಗಿ ಬರುವುದು ಹಾಗೆ ಇಟ್ಟಾಗ.

ಪರೀಕ್ಷಕ 1000 ಹರ್ಟ್ಜ್‌ನದೇ ಆಗಿದ್ದರೆ ಹೆಜ್ಜೆ ಎಲ್ಲೂ ತಪ್ಪುವುದಿಲ್ಲ. ಈ ಹೊಂದಾಣಿಕೆಯನ್ನು 1 ಎಂದು ಇಟ್ಟುಕೊಳ್ಳೋಣ.

ಈಗ 1010 ಹರ್ಟ್ಜ್‌ನ ಪರೀಕ್ಷಕ. ಇಡೀ ತುಣುಕಿನಲ್ಲಿ ಅದು ಸಂಕೇತಕ್ಕಿಂತ ಸುತ್ತಿನ ಹತ್ತನೇ ಒಂದು ಭಾಗ ಮಾತ್ರ ಹೆಚ್ಚು ಓಡುತ್ತದೆ. ಒಂದು ಸುತ್ತನ್ನು 360 ಡಿಗ್ರಿ ಎಂದುಕೊಂಡರೆ, ನಡುವಿನಿಂದ ಎರಡೂ ತುದಿಗಳಿಗೆ ಹೋಗುವಾಗ ಹೆಜ್ಜೆ ತಪ್ಪುವುದು ತಲಾ 18 ಡಿಗ್ರಿ. ಹೊಂದಾಣಿಕೆ 0.98ಕ್ಕೆ ಇಳಿಯುತ್ತದೆ, ಅಷ್ಟೇ. ಈ ಸಂಕೇತದಲ್ಲಿ 1010 ಹರ್ಟ್ಜ್ ಹೆಚ್ಚುಕಡಿಮೆ 1000ದಷ್ಟೇ ಇದೆ ಎಂದಾಯಿತು! ಈ ಹಂತದಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸುವುದು ಒಳ್ಳೆಯದು. ಸ್ವರ ನುಡಿಸಿದವರು 1010 ಹರ್ಟ್ಜ್ ಅನ್ನು ಬೆರೆಸಲಿಲ್ಲ. ಆದರೂ ಅದು ಅಲ್ಲಿ ಇದೆ, ಏಕೆಂದರೆ ಅದು ಅಲ್ಲಿ ಇಲ್ಲ ಎಂದು ಸಾಬೀತು ಮಾಡುವಷ್ಟು ಉದ್ದ ಆ ಸಂಕೇತಕ್ಕೇ ಇಲ್ಲ.

1050 ಹರ್ಟ್ಜ್‌ಗೆ ಬಂದರೆ ತುದಿಗಳಲ್ಲಿ ಹೆಜ್ಜೆ ತಲಾ 90 ಡಿಗ್ರಿ ತಪ್ಪಿರುತ್ತದೆ, ಹೊಂದಾಣಿಕೆ 0.64. 1100 ಹರ್ಟ್ಜ್‌ನಲ್ಲಿ ತುದಿಗಳು 180 ಡಿಗ್ರಿ ತಪ್ಪುತ್ತವೆ. ನಡುಭಾಗ ಕೂಡಿಸಿದ್ದನ್ನೆಲ್ಲ ಅಂಚುಗಳು ಕಳೆದುಬಿಡುತ್ತವೆ, ಹೊಂದಾಣಿಕೆ ಸೊನ್ನೆ. ಕೆಳಗಿನ ಕಡೆಗೂ ಇದೇ ಕಥೆ: 900 ಹರ್ಟ್ಜ್‌ನಲ್ಲಿ ಮತ್ತೊಂದು ಸೊನ್ನೆ. ಆದ್ದರಿಂದ ಸ್ಪೆಕ್ಟ್ರಮ್ ಎಂದರೆ 1000ದ ಮೇಲೆ ನಿಂತ ಸೂಜಿಯಲ್ಲ, 900ರಿಂದ 1100ರವರೆಗೆ ಹರಡಿದ ದಿಬ್ಬ.

ಸ್ವರವನ್ನು ಇನ್ನೂ ಹತ್ತು ಪಟ್ಟು ಮೊಟಕುಗೊಳಿಸಿ 1 ಮಿಲಿಸೆಕೆಂಡಿಗೆ ಇಳಿಸಿದರೆ ಉಳಿಯುವುದು ಒಂದೇ ಒಂದು ಸುತ್ತು. ಈಗ 1100 ಹರ್ಟ್ಜ್‌ನ ಪರೀಕ್ಷಕನೂ ಇಡೀ ಅವಧಿಯಲ್ಲಿ ತಪ್ಪುವುದು ಸುತ್ತಿನ ಹತ್ತನೇ ಒಂದು ಭಾಗ ಮಾತ್ರ. ಹೊಂದಾಣಿಕೆ ಸೊನ್ನೆಯಾಗಬೇಕಾದರೆ ಸುಮಾರು 2000 ಹರ್ಟ್ಜ್‌ವರೆಗೆ ಹೋಗಬೇಕು. ದಿಬ್ಬವೂ ಹತ್ತು ಪಟ್ಟು ಅಗಲವಾಯಿತು. ಕಿವಿಗೂ ಅದು ಈಗ ಸ್ವರವಾಗಿ ಕೇಳುವುದಿಲ್ಲ, ಬರೀ ಟಿಕ್ ಎಂಬ ಸದ್ದು. ಚಪ್ಪಾಳೆಯ ಗೋಡೆ ಎದ್ದು ನಿಂತದ್ದು ಹೀಗೆ.

## ಅಲೆಗಳಿಂದ ಒಂದು ಮಿಡಿತವನ್ನು ಕಟ್ಟುವುದು

ಇದೇ ಸತ್ಯವನ್ನು ಎದುರು ದಿಕ್ಕಿನಿಂದಲೂ ತಲುಪಬಹುದು. ಮೇಲೆ ನಾವು ಸಂಕೇತವನ್ನು ಬಿಡಿಸಿದೆವು, ಈಗ ಕಟ್ಟೋಣ. ಎಂದೂ ನಿಲ್ಲದ ಅಲೆಗಳನ್ನಷ್ಟೇ ಕೂಡಿಸಿ, ಒಂದು ಕ್ಷಣ ಮಾತ್ರ ಇದ್ದು ಮಾಯವಾಗುವ ಮಿಡಿತವನ್ನು ಮಾಡುವುದು ಸಾಧ್ಯವೆ?

ಸಾಲಾಗಿ ಕಟ್ಟಿದ ಉಯ್ಯಾಲೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಗ್ಗಗಳ ಉದ್ದ ಬೇರೆ ಬೇರೆ, ಆದ್ದರಿಂದ ತೂಗುವ ಗತಿಯೂ ಬೇರೆ ಬೇರೆ. ಅತಿ ನಿಧಾನದ್ದು ನಿಮಿಷಕ್ಕೆ 20 ಬಾರಿ ತೂಗುತ್ತದೆ, ಅತಿ ವೇಗದ್ದು 30 ಬಾರಿ. ಉಳಿದವು ಈ ನಡುವೆ ಸಮನಾಗಿ ಹಂಚಿಕೊಂಡಿವೆ. ಒಂದು ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಮುಂದಿನ ತುದಿಯಲ್ಲಿವೆ. ಎಲ್ಲ ಉಯ್ಯಾಲೆಗಳ ಸ್ಥಾನಗಳನ್ನು ಕೂಡಿಸಿದರೆ ಆ ಕ್ಷಣ ದೊಡ್ಡ ಮೊತ್ತ ಸಿಗುತ್ತದೆ. ಆಮೇಲೆ ಗತಿಯ ವ್ಯತ್ಯಾಸದಿಂದ ಅವು ಚದುರತೊಡಗುತ್ತವೆ. ವೇಗದ್ದು ನಿಧಾನದ್ದಕ್ಕಿಂತ ನಿಮಿಷಕ್ಕೆ 10 ಸುತ್ತು ಹೆಚ್ಚು ತೂಗುವುದರಿಂದ, ಆರು ಸೆಕೆಂಡಿನಲ್ಲಿ ಅವೆರಡರ ನಡುವೆ ಒಂದು ಪೂರ್ತಿ ಸುತ್ತಿನ ಅಂತರ ಬಿದ್ದಿರುತ್ತದೆ. ನಡುವಿನವು ಸುತ್ತಿನ ಎಲ್ಲ ಹಂತಗಳಲ್ಲೂ ಹರಡಿಕೊಂಡಿರುತ್ತವೆ. ಮುಂದಿರುವ ಪ್ರತಿಯೊಂದಕ್ಕೂ ಹಿಂದಿರುವ ಒಂದು ಜೊತೆ ಸಿಕ್ಕಿ, ಮೊತ್ತ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಒಂದು ಉಯ್ಯಾಲೆಯೂ ನಿಂತಿಲ್ಲ, ಆದರೂ ಮೊತ್ತದಲ್ಲಿ ಏನೂ ಇಲ್ಲ. ಸಂಕೇತದ ಮೌನ ಇಂಥದ್ದು. ಅದು ಅಲೆಗಳು ಇಲ್ಲದಿರುವುದರಿಂದ ಬಂದದ್ದಲ್ಲ, ಅಲೆಗಳು ಪರಸ್ಪರ ಅಳಿಸಿಕೊಂಡಿದ್ದರಿಂದ ಬಂದದ್ದು.

ಈಗ ಗತಿಗಳನ್ನು ಹತ್ತಿರ ಹತ್ತಿರ ತರೋಣ: ನಿಮಿಷಕ್ಕೆ 24ರಿಂದ 26ರವರೆಗೆ ಮಾತ್ರ. ಒಂದು ಸುತ್ತಿನ ಅಂತರ ಬೀಳಲು ಈಗ ಅರ್ಧ ನಿಮಿಷ ಬೇಕು. ಅಲ್ಲಿಯವರೆಗೆ ಅವು ಹೆಚ್ಚುಕಡಿಮೆ ಜೊತೆಯಲ್ಲೇ ತೂಗುತ್ತಿರುತ್ತವೆ, ಮೊತ್ತ ಬೇಗ ಅಡಗುವುದೇ ಇಲ್ಲ. ಎಲ್ಲದರ ಗತಿಯೂ ಒಂದೇ ಆದರೆ ಮೊತ್ತ ಎಂದೂ ಅಡಗುವುದಿಲ್ಲ. ಬೇಗ ಮೌನ ಬೇಕಾದರೆ ಬೇಗ ಚದುರಬೇಕು, ಬೇಗ ಚದುರಲು ಗತಿಗಳಲ್ಲಿ ದೊಡ್ಡ ವ್ಯತ್ಯಾಸ ಬೇಕು. ಚದುರಲು ಬೇಕಾದ ಕಾಲ ಎಂದರೆ ಒಂದನ್ನು ಗತಿಗಳ ಹರವಿನಿಂದ ಭಾಗಿಸಿದಾಗ ಬರುವ ಸಂಖ್ಯೆ.

ಸದ್ದಿಗೆ ಮರಳಿದರೆ, 900ರಿಂದ 1100 ಹರ್ಟ್ಜ್‌ವರೆಗಿನ ಅಲೆಗಳ ಹರವು 200 ಹರ್ಟ್ಜ್. ಅವು ಒಂದು ಕ್ಷಣದಲ್ಲಿ ಹೆಜ್ಜೆ ಕೂಡಿದರೆ, ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ, ಅಂದರೆ 5 ಮಿಲಿಸೆಕೆಂಡಿನಲ್ಲಿ ಚದುರುತ್ತವೆ. ಆ ಕ್ಷಣಕ್ಕೆ 5 ಮಿಲಿಸೆಕೆಂಡು ಮುಂಚೆಯೂ ಅವು ಹಾಗೆಯೇ ಚದುರಿದ್ದವು. ಒಟ್ಟು ಮಿಡಿತದ ಅಗಲ 10 ಮಿಲಿಸೆಕೆಂಡು. ಹಿಂದಿನ ಪರೀಕ್ಷೆಯಲ್ಲಿ 10 ಮಿಲಿಸೆಕೆಂಡಿನ ತುಣುಕು 200 ಹರ್ಟ್ಜ್‌ನ ದಿಬ್ಬವನ್ನು ಕೊಟ್ಟಿತ್ತು. ಇಲ್ಲಿ 200 ಹರ್ಟ್ಜ್‌ನ ಹರವು 10 ಮಿಲಿಸೆಕೆಂಡಿನ ಮಿಡಿತವನ್ನು ಕೊಟ್ಟಿತು. ಎರಡು ಮಿಡಿತಗಳ ಆಕಾರ ಒಂದೇ ಅಲ್ಲ, ಆದರೆ ಅಳತೆ ಒಂದೇ.

ಉಯ್ಯಾಲೆಗಳು ಇನ್ನೊಂದು ಸಂಗತಿಯನ್ನೂ ತೋರಿಸುತ್ತವೆ. ಅವುಗಳ ಗತಿ ಸರಿಯಾಗಿ 20, 21, 22 ಹೀಗೆ 30ರವರೆಗೆ ಇದ್ದರೆ, ಒಂದು ನಿಮಿಷವಾದ ಮೇಲೆ ಎಲ್ಲವೂ ಪೂರ್ಣ ಸಂಖ್ಯೆಯ ಸುತ್ತುಗಳನ್ನು ಮುಗಿಸಿ ಮತ್ತೆ ಮುಂದಿನ ತುದಿಯಲ್ಲಿ ಕೂಡುತ್ತವೆ. ಮಿಡಿತ ನಿಮಿಷಕ್ಕೊಮ್ಮೆ ಮರುಕಳಿಸುತ್ತದೆ. ನಡುವೆ ಇನ್ನಷ್ಟು ಉಯ್ಯಾಲೆಗಳನ್ನು ಸೇರಿಸಿ ಗತಿಯ ಮೆಟ್ಟಿಲನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಅದು ಮರುಕಳಿಸುವುದು ಹತ್ತು ನಿಮಿಷಕ್ಕೊಮ್ಮೆ. ಎಂದೂ ಮರುಕಳಿಸದ ಒಂದೇ ಮಿಡಿತ ಬೇಕಾದರೆ ನಡುವಿನ ಯಾವ ಗತಿಯನ್ನೂ ಬಿಡುವಂತಿಲ್ಲ. ಒಂಟಿ ಚಪ್ಪಾಳೆಯ ಸ್ಪೆಕ್ಟ್ರಮ್ ಸಂದಿಯಿಲ್ಲದ ಗೋಡೆಯಾಗಿರುವುದಕ್ಕೆ ಇದೇ ಕಾರಣ. ಒಂದೇ ಸಮನೆ ಮರುಕಳಿಸುವ ಪಿಟೀಲಿನ ಸ್ವರದ ಸ್ಪೆಕ್ಟ್ರಮ್ ಬಿಡಿಬಿಡಿಯಾದ ಗೆರೆಗಳಾಗಿ ಕಾಣುವುದಕ್ಕೂ ಇದೇ ಕಾರಣ.

## ಕನಿಷ್ಠ ಎಷ್ಟು, ಆಕಾರದ ಪಾತ್ರವೇನು

ಅವಧಿಯನ್ನು ಆವರ್ತನದ ಅಗಲದಿಂದ ಗುಣಿಸಿದರೆ ಸುಮಾರು ಒಂದು ಎಂದೆವು. ಆ "ಸುಮಾರು" ಯಾವ ಸಂಖ್ಯೆ ಎಂಬುದು ಅಗಲವನ್ನು ಹೇಗೆ ಅಳೆಯುತ್ತೇವೆ ಮತ್ತು ಮಿಡಿತದ ಆಕಾರ ಹೇಗಿದೆ ಎಂಬ ಎರಡನ್ನೂ ಅವಲಂಬಿಸಿದೆ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಡೆನಿಸ್ ಗಾಬೋರ್ 1946ರಲ್ಲಿ ಸಂವಹನ ಸಂಕೇತಗಳಿಗೆ ಇದನ್ನು ಖಚಿತವಾಗಿ ಬರೆದರು. ಶಕ್ತಿ ತನ್ನ ನಡುಬಿಂದುವಿನಿಂದ ಸರಾಸರಿ ಎಷ್ಟು ದೂರ ಹರಡಿದೆ ಎಂಬುದನ್ನು ಸಂಖ್ಯಾಶಾಸ್ತ್ರದ ಮಾನಕ ವಿಚಲನೆಯಿಂದ ಅಳೆದರೆ,

Δt · Δf ≥ 1/(4π)

ಇಲ್ಲಿ Δt ಎಂದರೆ ಕಾಲದಲ್ಲಿನ ಹರವು, Δf ಎಂದರೆ ಆವರ್ತನದಲ್ಲಿನ ಹರವು. ಬಲಗಡೆಯ ಸಂಖ್ಯೆ ಸುಮಾರು 0.08. ಗುಣಲಬ್ಧ ಇದಕ್ಕಿಂತ ಕೆಳಗೆ ಇಳಿಯುವುದು ಯಾವ ಸಂಕೇತಕ್ಕೂ ಸಾಧ್ಯವಿಲ್ಲ. ಈ ಕನಿಷ್ಠವನ್ನು ಮುಟ್ಟುವುದು ಗೌಸಿಯನ್ ಎಂಬ ಗಂಟೆಯಾಕಾರದ ಹೊದಿಕೆಯುಳ್ಳ ಮಿಡಿತ ಮಾತ್ರ.

ಕ್ವಾಂಟಮ್ ಭೌತಶಾಸ್ತ್ರದಲ್ಲಿ ಹೈಸನ್‌ಬರ್ಗ್ 1927ರಲ್ಲಿ ಮಂಡಿಸಿದ ಅನಿಶ್ಚಿತತೆಯ ತತ್ವದ ಗಣಿತವೂ ಇದೇ. ಅಲ್ಲಿ ಕಣವೊಂದರ ಸ್ಥಾನ ಕಾಲದ ಜಾಗದಲ್ಲಿರುತ್ತದೆ, ಅದರ ಸಂವೇಗ ಆವರ್ತನದ ಜಾಗದಲ್ಲಿರುತ್ತದೆ. ಕಣವನ್ನು ಅಲೆಯೆಂದು ಒಪ್ಪಿದ ಮೇಲೆ ಕಿರಿದಾದ ಜಾಗಕ್ಕೆ ಅಗಲವಾದ ಸಂವೇಗ ತಾನಾಗಿ ಬರುತ್ತದೆ. ನಮ್ಮ ಸದ್ದಿನ ಲೆಕ್ಕದಲ್ಲಿ ಕ್ವಾಂಟಮ್ ಎಂಬುದು ಏನೂ ಇಲ್ಲ, ಅಲೆಗಳಷ್ಟೇ ಇವೆ.

ಆಕಾರದ ವಿಷಯ ಮಾತ್ರ ಸ್ವಲ್ಪ ಹೊತ್ತು ನಿಂತು ನೋಡಬೇಕಾದದ್ದು. ನಮ್ಮ 10 ಮಿಲಿಸೆಕೆಂಡಿನ ತುಣುಕಿನ ಸ್ಪೆಕ್ಟ್ರಮ್ 1100 ಹರ್ಟ್ಜ್‌ನಲ್ಲಿ ಸೊನ್ನೆಯಾದರೂ ಅಲ್ಲಿಗೇ ಮುಗಿಯುವುದಿಲ್ಲ. ಇನ್ನೂ ಮೇಲೆ ಹೋದರೆ 1143 ಹರ್ಟ್ಜ್‌ನ ಆಸುಪಾಸಿನಲ್ಲಿ ಒಂದು ಚಿಕ್ಕ ದಿಬ್ಬ ಏಳುತ್ತದೆ, ಅದರ ಎತ್ತರ ಮುಖ್ಯ ದಿಬ್ಬದ ಶೇಕಡ 22ರಷ್ಟು. ಅದರಾಚೆ ಇನ್ನೊಂದು, ಮತ್ತೊಂದು, ನಿಧಾನವಾಗಿ ಕುಗ್ಗುತ್ತಾ ದೂರದವರೆಗೆ ಸಾಗುತ್ತವೆ. ಇವು ಹುಟ್ಟುವುದು ಸ್ವರ ಥಟ್ಟನೆ ಶುರುವಾಗಿ ಥಟ್ಟನೆ ನಿಂತದ್ದರಿಂದ. ಅವಧಿ 10 ಮಿಲಿಸೆಕೆಂಡೇ ಆದರೂ ಆ ಎರಡು ಅಂಚುಗಳು ತೀರಾ ಕಿರಿದಾದ ಘಟನೆಗಳು, ಅವುಗಳ ಬೆಲೆಯನ್ನು ಸ್ಪೆಕ್ಟ್ರಮ್ ತೆರಲೇಬೇಕು.

ಮೋರ್ಸ್ ಸಂದೇಶ ಕಳಿಸುವ ಹವ್ಯಾಸಿ ರೇಡಿಯೊ ಬಳಕೆದಾರರಿಗೆ ಇದರ ಅನುಭವ ಚೆನ್ನಾಗಿದೆ. ಕೀಲಿ ಒತ್ತಿದಾಗ ರೇಡಿಯೊ ಅಲೆ ಏಕಾಏಕಿ ಎದ್ದರೆ, ಅಕ್ಕಪಕ್ಕದ ಆವರ್ತನಗಳಲ್ಲಿ ಕೇಳುತ್ತಿರುವವರಿಗೆ ಪ್ರತಿ ಚುಕ್ಕೆ ಗೆರೆಯ ಆರಂಭದಲ್ಲೂ ಕೊನೆಯಲ್ಲೂ ಟಕ್ ಟಕ್ ಎಂಬ ಸದ್ದು ನುಗ್ಗುತ್ತದೆ. ಅವರು ಕಳಿಸುವವರ ಆವರ್ತನದಲ್ಲಿ ಇಲ್ಲ, ಆದರೂ ಅಂಚುಗಳು ಅವರವರೆಗೆ ಹರಡಿವೆ. ಅಲೆಯನ್ನು ಕೆಲವು ಮಿಲಿಸೆಕೆಂಡುಗಳಲ್ಲಿ ಮೆಲ್ಲನೆ ಏರಿಸಿ ಮೆಲ್ಲನೆ ಇಳಿಸುವುದೇ ಪರಿಹಾರ, ಸಾಮಾನ್ಯವಾಗಿ 5 ಮಿಲಿಸೆಕೆಂಡಿನಷ್ಟು. ಸಂದೇಶದ ವೇಗಕ್ಕೆ ಧಕ್ಕೆಯಿಲ್ಲ, ಪಕ್ಕದವರ ಕಿವಿಗೂ ನೆಮ್ಮದಿ.

## ಸ್ಪೆಕ್ಟ್ರೋಗ್ರಾಮ್‌ನಲ್ಲಿ ಈ ಕಟ್ಟಳೆ ಕಾಣುವ ಬಗೆ

ಆ್ಯಪ್ ಇಡೀ ಧ್ವನಿಮುದ್ರಣವನ್ನು ಒಮ್ಮೆಗೇ ವಿಶ್ಲೇಷಿಸುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಮಾಡಿಕೊಂಡು, ಒಂದೊಂದು ತುಣುಕಿಗೂ ಮೇಲೆ ಹೇಳಿದ ಪರೀಕ್ಷೆಯನ್ನು ನಡೆಸುತ್ತದೆ. ತುಣುಕಿನ ಉದ್ದವನ್ನು ಕಿಟಕಿ ಎನ್ನುತ್ತಾರೆ. ಬಹುತೇಕ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ಅದು 512, 1024, 4096 ಎಂಬಂಥ ಸಂಖ್ಯೆಯಾಗಿ ಕಾಣಿಸುತ್ತದೆ. ಈ ಸಂಖ್ಯೆ ಸದ್ದಿನ ಎಷ್ಟು ಮಾದರಿಗಳನ್ನು, ಅಂದರೆ ಕ್ಷಣಕ್ಷಣಕ್ಕೂ ತೆಗೆದ ಅಳತೆಗಳನ್ನು, ಒಟ್ಟಿಗೆ ತೆಗೆದುಕೊಳ್ಳಬೇಕು ಎಂದು ಹೇಳುತ್ತದೆ.

ಸೆಕೆಂಡಿಗೆ 44,100 ಮಾದರಿಗಳ ಧ್ವನಿಮುದ್ರಣದಲ್ಲಿ 4096 ಮಾದರಿಗಳೆಂದರೆ 93 ಮಿಲಿಸೆಕೆಂಡು. ಅದರಿಂದ ಸುಮಾರು 11 ಹರ್ಟ್ಜ್ ಅಂತರದ ಆವರ್ತನಗಳನ್ನು ಬೇರ್ಪಡಿಸಬಹುದು. ಆದರೆ 93 ಮಿಲಿಸೆಕೆಂಡಿನ ಒಳಗೆ ಎರಡು ಬಾರಿ ಟಕ್ ಎಂದರೆ ಚಿತ್ರದಲ್ಲಿ ಎರಡೂ ಕಲಸಿಹೋಗುತ್ತವೆ. 512ಕ್ಕೆ ಇಳಿಸಿದರೆ ಕಿಟಕಿ 11.6 ಮಿಲಿಸೆಕೆಂಡು. ಎರಡು ಟಕ್‌ಗಳು ಚೊಕ್ಕವಾಗಿ ಬೇರೆಯಾಗುತ್ತವೆ, ಆದರೆ ಶಿಳ್ಳೆಯ ತೆಳುಗೆರೆ 86 ಹರ್ಟ್ಜ್‌ನಷ್ಟು ದಪ್ಪ ಪಟ್ಟಿಯಾಗುತ್ತದೆ. ಎರಡೂ ಒಟ್ಟಿಗೆ ಚೊಕ್ಕವಾಗಿ ಕಾಣುವ ಸೆಟ್ಟಿಂಗ್ ಯಾವುದು ಎಂದು ಹುಡುಕುವುದು ವ್ಯರ್ಥ. ಅಂಥದ್ದು ಇಲ್ಲ.

ಪಿಯಾನೊದ ಎಡತುದಿಯ ಮೊದಲ ಎರಡು ಮನೆಗಳ ಮೂಲ ಆವರ್ತನಗಳು 27.5 ಮತ್ತು 29.1 ಹರ್ಟ್ಜ್. ಅವುಗಳ ಅಂತರ 1.6 ಹರ್ಟ್ಜ್ ಮಾತ್ರವಾದ್ದರಿಂದ, ಒಟ್ಟಿಗೆ ನುಡಿಸಿದ ಆ ಎರಡು ಮೂಲಗಳನ್ನು ಚಿತ್ರದಲ್ಲಿ ಬೇರೆಬೇರೆಯಾಗಿ ನೋಡಲು ಅರ್ಧ ಸೆಕೆಂಡಿಗಿಂತ ಉದ್ದದ ಕಿಟಕಿ ಬೇಕು. ತಗ್ಗಿನ ಸ್ವರಗಳಿಗೆ ಉದ್ದ ಕಿಟಕಿ, ಮೇಲಿನ ಸ್ವರಗಳಿಗೆ ಗಿಡ್ಡ ಕಿಟಕಿ ಬಳಸುವ ವಿಧಾನಗಳು ಹುಟ್ಟಿಕೊಂಡದ್ದು ಇಂಥ ತೊಡಕಿನಿಂದಲೇ. ಅವೂ ಕಟ್ಟಳೆಯನ್ನು ಮೀರುವುದಿಲ್ಲ, ಎಲ್ಲಿ ಯಾವುದನ್ನು ಬಿಟ್ಟುಕೊಡಬೇಕು ಎಂಬುದನ್ನು ಜಾಣತನದಿಂದ ಆರಿಸಿಕೊಳ್ಳುತ್ತವೆ.

ಕಿಟಕಿಯ ಅಂಚೂ ಮೋರ್ಸ್ ಕೀಲಿಯಂತೆಯೇ. ಹಠಾತ್ ಕತ್ತರಿಸಿದರೆ ಜೋರಾದ ಸ್ವರವೊಂದರ ಚಿಕ್ಕ ದಿಬ್ಬಗಳು ಪಕ್ಕದ ಮೆಲುದನಿಯನ್ನು ಮುಚ್ಚಿಬಿಡುತ್ತವೆ. ಅದಕ್ಕೆ ಆ್ಯಪ್‌ಗಳು ಹಾನ್ ಎಂಬ ಹೆಸರಿನ, ಅಂಚುಗಳಲ್ಲಿ ಮೆಲ್ಲಗೆ ಸೊನ್ನೆಗಿಳಿಯುವ ಕಿಟಕಿಯನ್ನು ಬಳಸುತ್ತವೆ. ಅದರಲ್ಲಿ ಮೊದಲ ಚಿಕ್ಕ ದಿಬ್ಬ ಶೇಕಡ 22ರಿಂದ ಶೇಕಡ 3ಕ್ಕಿಂತ ಕೆಳಕ್ಕೆ ಇಳಿಯುತ್ತದೆ, ಆದರೆ ಮುಖ್ಯ ದಿಬ್ಬದ ಬುಡ ಎರಡು ಪಟ್ಟು ಅಗಲವಾಗುತ್ತದೆ.

ಒಂದು ಭ್ರಮೆಯ ಬಗ್ಗೆ ಇಲ್ಲಿ ಎಚ್ಚರ ಹೇಳಬೇಕು. ಗಿಡ್ಡ ತುಣುಕಿನ ಹಿಂದೆ ಸೊನ್ನೆಗಳನ್ನು ಸೇರಿಸಿ ಅದನ್ನು ಉದ್ದ ಮಾಡಿ ವಿಶ್ಲೇಷಿಸುವ ಪದ್ಧತಿಯಿದೆ. ಆಗ ವಕ್ರರೇಖೆ ನುಣುಪಾಗಿ, ಬಿಂದುಗಳು ಒತ್ತೊತ್ತಾಗಿ ಬರುತ್ತವೆ. ಕಣ್ಣಿಗೆ ಸೂಕ್ಷ್ಮತೆ ಹೆಚ್ಚಿದಂತೆ ತೋರುತ್ತದೆ. ಆದರೆ ದಿಬ್ಬದ ಅಗಲ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ: 1000 ಮತ್ತು 1030 ಹರ್ಟ್ಜ್ ಎರಡನ್ನೂ ಬೆರೆಸಿ 10 ಮಿಲಿಸೆಕೆಂಡಿನ ತುಣುಕು ಮಾಡಿ. ಎಷ್ಟು ಸೊನ್ನೆ ಸೇರಿಸಿದರೂ ಅವುಗಳ ಆವರ್ತನಗಳಲ್ಲಿ ಎರಡು ಶಿಖರಗಳು ಬೇರೆಬೇರೆಯಾಗಿ ನಿಲ್ಲುವುದಿಲ್ಲ.

## ಕಟ್ಟಳೆ ಹೇಳದ ಎರಡು ಮಾತುಗಳು

ಹಾಗಾದರೆ ಶ್ರುತಿ ನೋಡುವ ಆ್ಯಪ್ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ 440.2 ಹರ್ಟ್ಜ್ ಎಂದು ತೋರಿಸುವುದು ಸುಳ್ಳೆ? ಸುಳ್ಳಲ್ಲ. ಅಷ್ಟು ಹೊತ್ತಿನ ಸ್ವರದ ದಿಬ್ಬ ಸುಮಾರು 10 ಹರ್ಟ್ಜ್ ಅಗಲವಿರುವುದು ನಿಜ. ಆದರೆ ಅಲ್ಲಿ ಇರುವುದು ಒಂದೇ ಸ್ವರ ಎಂದು ಮೊದಲೇ ಗೊತ್ತಿದ್ದು, ಗದ್ದಲವೂ ಕಡಿಮೆ ಇದ್ದರೆ, ಅಗಲವಾದ ದಿಬ್ಬದ ನಡುಬಿಂದು ಎಲ್ಲಿದೆ ಎಂಬುದನ್ನು ಅದರ ಅಗಲಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಗುರುತಿಸಬಹುದು. ಕಟ್ಟಳೆ ನಿರ್ಧರಿಸುವುದು ದಿಬ್ಬದ ಅಗಲವನ್ನು, ಹತ್ತಿರದ ಎರಡು ಸ್ವರಗಳನ್ನು ಬೇರ್ಪಡಿಸುವ ಶಕ್ತಿಯನ್ನು. ಒಂಟಿ ಸ್ವರದ ನಡುಬಿಂದುವನ್ನು ಹುಡುಕುವ ನಿಖರತೆಗೆ ಮಿತಿ ಹಾಕುವುದು ಗದ್ದಲ.

ಎರಡನೆಯದು ಇನ್ನೂ ಮುಖ್ಯ. ಕಿರಿದಾದ ಮಿಡಿತಕ್ಕೆ ಅಗಲವಾದ ಸ್ಪೆಕ್ಟ್ರಮ್ ಕಡ್ಡಾಯ, ಆದರೆ ಅಗಲವಾದ ಸ್ಪೆಕ್ಟ್ರಮ್ ಇದ್ದ ಮಾತ್ರಕ್ಕೆ ಮಿಡಿತ ಕಿರಿದಾಗಿರಬೇಕಿಲ್ಲ. ಉಯ್ಯಾಲೆಗಳು ಎಷ್ಟೇ ಬಗೆಯ ಗತಿಗಳಲ್ಲಿರಲಿ, ಅವು ಒಂದೇ ಕ್ಷಣದಲ್ಲಿ ಕೂಡದಿದ್ದರೆ ಚೂಪಾದ ಮೊತ್ತ ಬರುವುದಿಲ್ಲ. ಲೇಸರ್ ಪ್ರಯೋಗಾಲಯಗಳಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯುತ್ತದೆ.

10 ಫೆಮ್ಟೊಸೆಕೆಂಡಿನ ಲೇಸರ್ ಮಿಡಿತವನ್ನು ತೆಗೆದುಕೊಳ್ಳೋಣ. ಒಂದು ಫೆಮ್ಟೊಸೆಕೆಂಡೆಂದರೆ ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಸಿಗುವಷ್ಟು ಕಾಲ. 800 ನ್ಯಾನೊಮೀಟರ್ ತರಂಗಾಂತರದ, ಅಂದರೆ ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆಯ ಬೆಳಕಿನ ನಾಲ್ಕು ಸುತ್ತುಗಳೂ ಈ ಅವಧಿಯಲ್ಲಿ ಹಿಡಿಸುವುದಿಲ್ಲ. ಮಿಡಿತ ಗೌಸಿಯನ್ ಆಕಾರದ್ದಾಗಿದ್ದು, ಅಗಲಗಳನ್ನು ಶಿಖರದ ಅರ್ಧ ತೀವ್ರತೆಯಲ್ಲಿ ಅಳೆದರೆ, ಗುಣಲಬ್ಧ ಕನಿಷ್ಠ 0.44. ಆದ್ದರಿಂದ ಆವರ್ತನದ ಅಗಲ ಕನಿಷ್ಠ 44 ಲಕ್ಷ ಕೋಟಿ ಹರ್ಟ್ಜ್, ತರಂಗಾಂತರದಲ್ಲಿ ಹೇಳುವುದಾದರೆ ಸುಮಾರು 755ರಿಂದ 850 ನ್ಯಾನೊಮೀಟರ್‌ವರೆಗೆ. ಲೇಸರ್ ಎಂದರೆ ಒಂದೇ ಬಣ್ಣದ ಬೆಳಕು ಎಂಬ ಶಾಲೆಯ ಪಾಠ ಇಷ್ಟು ಗಿಡ್ಡ ಮಿಡಿತಕ್ಕೆ ಅನ್ವಯಿಸುವುದಿಲ್ಲ.

ಈ ಮಿಡಿತವನ್ನು 5 ಮಿಲಿಮೀಟರ್ ದಪ್ಪದ ಸಿಲಿಕಾ ಗಾಜಿನ ಮೂಲಕ ಹಾಯಿಸಿದರೆ ಅದು ಸುಮಾರು 50 ಫೆಮ್ಟೊಸೆಕೆಂಡಿಗೆ ಹಿಗ್ಗುತ್ತದೆ. ಗಾಜಿನಲ್ಲಿ ಉದ್ದ ತರಂಗಾಂತರದ ಭಾಗ ಬೇಗ ಸಾಗುತ್ತದೆ, ಗಿಡ್ಡ ತರಂಗಾಂತರದ್ದು ಹಿಂದೆ ಬೀಳುತ್ತದೆ, ಹೆಜ್ಜೆ ಕೂಡುವ ಕ್ಷಣ ಚೆದರಿಹೋಗುತ್ತದೆ. ಸ್ಪೆಕ್ಟ್ರಮ್ ಅಳೆದು ನೋಡಿದರೆ ಏನೂ ಬದಲಾಗಿಲ್ಲ, ಅದೇ ಬಣ್ಣಗಳು ಅಷ್ಟಷ್ಟೇ ಇವೆ. ಬಣ್ಣಗಳು ಅಲ್ಲೇ ಇರುವುದರಿಂದ, ಗಿಡ್ಡ ತರಂಗಾಂತರಕ್ಕೆ ದಾರಿ ಕಡಿಮೆ ಮಾಡಿಕೊಡುವ ಕನ್ನಡಿಗಳ ಅಥವಾ ಅಶ್ರಗಗಳ ಜೋಡಣೆಯಿಂದ ಮಿಡಿತವನ್ನು ಮತ್ತೆ 10 ಫೆಮ್ಟೊಸೆಕೆಂಡಿಗೆ ತರಬಹುದು.

ಡಾನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರು 1985ರಲ್ಲಿ ಇದನ್ನೇ ತಂತ್ರವಾಗಿ ಬಳಸಿದರು. ತೀರಾ ಗಿಡ್ಡ ಮಿಡಿತವನ್ನು ನೇರವಾಗಿ ವರ್ಧಿಸಿದರೆ ಅದರ ತೀವ್ರತೆಗೆ ವರ್ಧಕವೇ ಸುಟ್ಟುಹೋಗುತ್ತದೆ. ಅವರು ಮಿಡಿತವನ್ನು ಮೊದಲು ಬೇಕೆಂದೇ ಹಿಗ್ಗಿಸಿ ಅದರ ತೀವ್ರತೆ ಇಳಿಸಿದರು, ಹಾಗೆ ಹಿಗ್ಗಿದ ಸ್ಥಿತಿಯಲ್ಲೇ ವರ್ಧಿಸಿದರು, ಕೊನೆಗೆ ಮತ್ತೆ ಕುಗ್ಗಿಸಿದರು. 2018ರಲ್ಲಿ ಇಬ್ಬರಿಗೂ ಇದಕ್ಕಾಗಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು.

ಈ ತಂತ್ರ ಎಡವುವ ಜಾಗವೂ ನಮ್ಮ ಕಟ್ಟಳೆಯದೇ. ವರ್ಧಕ ಸ್ಪೆಕ್ಟ್ರಮ್‌ನ ನಡುಭಾಗವನ್ನು ಅಂಚುಗಳಿಗಿಂತ ಹೆಚ್ಚು ಬೆಳೆಸುತ್ತದೆ. ಹಲವು ಬಾರಿ ವರ್ಧಿಸಿದ ಮೇಲೆ ಅಂಚಿನ ಬಣ್ಣಗಳು ಹಿಂದುಳಿದು ಸ್ಪೆಕ್ಟ್ರಮ್ ಕಿರಿದಾಗುತ್ತದೆ. ಅದು ಅರ್ಧದಷ್ಟು ಕಿರಿದಾಯಿತೆಂದರೆ, ಕುಗ್ಗಿಸುವ ಸಾಧನವನ್ನು ಎಷ್ಟೇ ನಾಜೂಕಾಗಿ ಸರಿಪಡಿಸಿದರೂ ಹೊರಬರುವ ಮಿಡಿತ 20 ಫೆಮ್ಟೊಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಆದ್ದರಿಂದ ಮಿಡಿತ ಏಕೆ ಉದ್ದವಾಗಿದೆ ಎಂಬ ಪ್ರಶ್ನೆ ಎದ್ದಾಗ ಪ್ರಯೋಗಾಲಯದವರು ಮೊದಲು ಸ್ಪೆಕ್ಟ್ರಮ್ ಅಳೆಯುತ್ತಾರೆ. ಅಗಲ ಸಾಕಷ್ಟಿದ್ದರೆ ದೋಷ ಹೆಜ್ಜೆಯಲ್ಲಿದೆ, ಕನ್ನಡಿಗಳನ್ನು ಸರಿಹೊಂದಿಸಿದರೆ ಆಯಿತು. ಅಗಲವೇ ಇಲ್ಲವಾಗಿದ್ದರೆ ಕನ್ನಡಿಗಳನ್ನು ಮುಟ್ಟಿ ಪ್ರಯೋಜನವಿಲ್ಲ, ವರ್ಧಕದ ಕಡೆಗೇ ಹೋಗಬೇಕು.